ಪ್ರಾಮಾಣಿಕ ಪ್ರಯತ್ನವೂ ನಿರ್ಲಕ್ಷ್ಯದ ಅಳತೆಯೂ

"ಸರ್, ಪಾಪ, ಅವನು ತನ್ನ ಕೈಲಾದಷ್ಟು ಮಾಡಿದ್ದಾನಲ್ಲ, ಮತ್ತೆ ಅದು ನಿರ್ಲಕ್ಷ್ಯ ಹೇಗಾಗುತ್ತದೆ?"

ಮೊದಲು ಆ "ಪಾಪ" ಎಂಬ ಮಾತನ್ನು ತೆಗೆದಿಡಿ. ಪ್ರತಿ ವರ್ಷ, ಒಬ್ಬನ ತಪ್ಪಿನಿಂದ ಇನ್ನೊಬ್ಬನಿಗಾದ ಹಾನಿಗೆ ಪರಿಹಾರ ಕೊಡಿಸುವ ಟಾರ್ಟ್ ಕಾನೂನಿನ ಮೂರನೆಯದೋ ನಾಲ್ಕನೆಯದೋ ತರಗತಿಯಲ್ಲಿ ಯಾರಾದರೊಬ್ಬರು ಪ್ರತಿವಾದಿಗೆ ಮಾತ್ರ ಮರುಗಿ ಈ ಮಾತನ್ನು ಆಡುತ್ತಾರೆ. ಮನೆ ಸುಟ್ಟುಹೋದವನಿಗೆ, ಮೂಳೆ ಮುರಿದವನಿಗೆ ಅದೇ ಮಾತು ಸಲ್ಲಬೇಕೆಂದು ಅವರಿಗೆ ತೋಚುವುದಿಲ್ಲ. ಇದು ನನ್ನನ್ನು ನಿಜವಾಗಿಯೂ ನೋಯಿಸುತ್ತದೆ, ಏಕೆಂದರೆ ಇಡೀ ವಿಷಯ ಹುಟ್ಟಿಕೊಂಡದ್ದೇ ಆ ಮರೆತುಹೋದ ಮನುಷ್ಯನಿಗಾಗಿ.

ಗೊಂದಲಕ್ಕೆ ಅರ್ಧ ಕಾರಣ ನಮ್ಮ ಪದವೇ ಎಂಬುದನ್ನು ಒಪ್ಪುತ್ತೇನೆ. "ನಿರ್ಲಕ್ಷ್ಯ" ಎಂದರೆ ಲಕ್ಷ್ಯವಿಲ್ಲದಿರುವುದು, ಅಂದರೆ ಮನಸ್ಸಿನ ಒಂದು ಸ್ಥಿತಿ ಎಂದು ಕಿವಿಗೆ ಕೇಳಿಸುತ್ತದೆ. ಆದ್ದರಿಂದ ವಿದ್ಯಾರ್ಥಿ ಪ್ರತಿವಾದಿಯ ಮನಸ್ಸಿನೊಳಗೆ ಇಣುಕಿ, ಅಲ್ಲಿ ಕಾಳಜಿ ಕಂಡರೆ ಅವನನ್ನು ಬಿಟ್ಟುಬಿಡುತ್ತಾನೆ. ಟಾರ್ಟ್ ಕಾನೂನಿನಲ್ಲಿ ನಿರ್ಲಕ್ಷ್ಯವೆಂಬುದು ನಡತೆಯ ಹೆಸರು. ಆ ಪರಿಸ್ಥಿತಿಯಲ್ಲಿ ಸಾಮಾನ್ಯ ವಿವೇಕವುಳ್ಳ ವ್ಯಕ್ತಿಯೊಬ್ಬ ಮಾಡುತ್ತಿದ್ದದ್ದನ್ನು ಮಾಡದಿರುವುದು ಅಥವಾ ಅವನು ಮಾಡದಿದ್ದದ್ದನ್ನು ಮಾಡುವುದು ನಿರ್ಲಕ್ಷ್ಯ. ಲಕ್ಷ್ಯವಿಟ್ಟೂ ನಿರ್ಲಕ್ಷ್ಯ ಎಸಗಬಹುದು.

ಇದಕ್ಕೆ ಇಂಗ್ಲೆಂಡಿನ 1971ರ ನೆಟಲ್‌ಶಿಪ್ ವಿರುದ್ಧ ವೆಸ್ಟನ್ ಪ್ರಕರಣಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ಗೊತ್ತಿಲ್ಲ. ಶ್ರೀಮತಿ ವೆಸ್ಟನ್ ಕಾರು ಕಲಿಯುತ್ತಿದ್ದರು, ಅಂದು ಮೂರನೆಯ ಪಾಠ. ಪಕ್ಕದಲ್ಲಿ ಕುಳಿತು ಕಲಿಸುತ್ತಿದ್ದ ನೆಟಲ್‌ಶಿಪ್ ಪರಿಚಯಸ್ಥರೇ ಹೊರತು ವೃತ್ತಿಯ ಬೋಧಕರಲ್ಲ. ಎಡಕ್ಕೆ ತಿರುಗಿದ ಮೇಲೆ ಸ್ಟೀರಿಂಗನ್ನು ನೇರ ಮಾಡಬೇಕಿತ್ತು; ಆಕೆ ಗಾಬರಿಯಿಂದ ಅದನ್ನು ಬಿಗಿಯಾಗಿ ಹಿಡಿದೇ ಉಳಿದರು. ನಡಿಗೆಯ ವೇಗದಲ್ಲಿದ್ದ ಕಾರು ಕಾಲುದಾರಿಯನ್ನೇರಿ ದೀಪದ ಕಂಬಕ್ಕೆ ಗುದ್ದಿತು, ನೆಟಲ್‌ಶಿಪ್ ಅವರ ಮಂಡಿಚಿಪ್ಪು ಮುರಿಯಿತು. ಆ ಕ್ಷಣದಲ್ಲಿ ಆಕೆಯ ಲಕ್ಷ್ಯವೆಲ್ಲ ಆ ಚಕ್ರದ ಮೇಲೆಯೇ ಇತ್ತು. ಆದರೂ ಕಲಿಯುವವಳ ನಡತೆಯನ್ನು ಅನುಭವಿ, ಸಮರ್ಥ ಚಾಲಕನ ಅಳತೆಯಿಂದಲೇ ಅಳೆಯಬೇಕೆಂದು ನ್ಯಾಯಾಲಯ ಹೇಳಿತು. ಕಾರಿನ ಮೇಲಿನ ನಿಯಂತ್ರಣದಲ್ಲಿ ಅವರಿಗೂ ಪಾಲಿದ್ದುದರಿಂದ ನೆಟಲ್‌ಶಿಪ್ ಅವರಿಗೆ ಬರಬೇಕಾದ ಪರಿಹಾರ ಅರ್ಧಕ್ಕೆ ಇಳಿಯಿತು, ಅದು ಬೇರೆ ಮಾತು.

ಒಮ್ಮೆ ಒಬ್ಬ ವಿದ್ಯಾರ್ಥಿನಿ ತನ್ನ ಉತ್ತರಪತ್ರಿಕೆ ಹಿಡಿದು ನನ್ನ ಕೊಠಡಿಗೆ ಬಂದಿದ್ದಳು. ಅದರಲ್ಲಿ 1837ರ ವಾನ್ ವಿರುದ್ಧ ಮೆನ್‌ಲವ್ ಪ್ರಕರಣದ ಬಗ್ಗೆ, ಪ್ರತಿವಾದಿ ಪ್ರಾಮಾಣಿಕನಾಗಿದ್ದ, ತೀರ್ಪು ಕ್ರೂರವಾದದ್ದು ಎಂದು ಎರಡು ಪುಟ ಬರೆದಿದ್ದಳು. "ಅವನ ಬುದ್ಧಿಗೆ ಹೊಳೆದದ್ದು ಅಷ್ಟೇ ಸರ್, ಬುದ್ಧಿ ಕಡಿಮೆ ಇರುವುದು ತಪ್ಪೇ?" ಎಂದು ಕೇಳಿದಳು. ನಾನು ಅವಳ ಮುಂದೆ ಆ ಪ್ರಕರಣದ ಸಂಗತಿಗಳನ್ನು ಒಂದೊಂದಾಗಿ ಇಟ್ಟೆ.

ಮೆನ್‌ಲವ್ ತನ್ನ ಜಮೀನಿನ ಅಂಚಿನಲ್ಲಿ, ವಾನ್‌ನ ಮನೆಗಳಿಗೆ ಸಮೀಪದಲ್ಲಿ, ಹುಲ್ಲಿನ ಬಣವೆ ಒಟ್ಟಿದ್ದ. ಚೆನ್ನಾಗಿ ಒಣಗದ ಹುಲ್ಲನ್ನು ಒಟ್ಟಿದರೆ ಒಳಗಿನ ತೇವದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಾವು ಹುಟ್ಟುತ್ತದೆ. ಆ ಕಾವು ಹೊರಹೋಗಲು ದಾರಿಯಿಲ್ಲದೆ ನಡುಭಾಗದಲ್ಲಿ ವಾರಗಟ್ಟಲೆ ಏರುತ್ತ ಹೋಗಿ, ಕಿಡಿಯೇ ಸೋಕದೆ ಬಣವೆ ಹೊತ್ತಿಕೊಳ್ಳಬಹುದು. ಅಪಾಯವಿದೆಯೆಂದು ಐದು ವಾರಗಳ ಅವಧಿಯಲ್ಲಿ ಜನ ಅವನನ್ನು ಮತ್ತೆ ಮತ್ತೆ ಎಚ್ಚರಿಸಿದರು. ಆದದ್ದಾಗಲಿ, ನೋಡೋಣ ಎಂಬರ್ಥದ ಉತ್ತರ ಕೊಟ್ಟ. ಅವನ ಸರಕಿಗೆ ವಿಮೆಯಿತ್ತು, ವಾನ್‌ನ ಮನೆಗಳು ಅವನ ಲೆಕ್ಕಕ್ಕೆ ಬರಲಿಲ್ಲ. ಬಣವೆಯ ಮಧ್ಯೆ ಹೊಗೆಗೂಡಿನಂಥ ಒಂದು ಕಂಡಿ ಮಾಡಿದ, ಅದೇ ಅವನ "ಕೈಲಾದಷ್ಟು". ಕೊನೆಗೆ ಬಣವೆ ಹೊತ್ತಿಕೊಂಡಿತು. ಆ ಕಂಡಿಯಿಂದಲೇ ಹಾಗಾಗಿರಲೂಬಹುದು. ಬೆಂಕಿ ಅವನದೇ ಕೊಟ್ಟಿಗೆ, ಲಾಯಗಳಿಗೆ ಹಬ್ಬಿ ಅಲ್ಲಿಂದ ವಾನ್‌ನ ಮನೆಗಳನ್ನು ಸುಟ್ಟಿತು.

ಅವನ ವಕೀಲರ ವಾದ ನನ್ನ ವಿದ್ಯಾರ್ಥಿನಿಯದೇ ಆಗಿತ್ತು: ಅವನು ತನ್ನ ತಿಳಿವಳಿಕೆಗೆ ತಕ್ಕಂತೆ ಪ್ರಾಮಾಣಿಕವಾಗಿ ನಡೆದುಕೊಂಡನೇ ಎಂದಷ್ಟೇ ಜ್ಯೂರಿಯನ್ನು ಕೇಳಬೇಕಿತ್ತು. ಮುಖ್ಯ ನ್ಯಾಯಮೂರ್ತಿ ಟಿಂಡಲ್ ಇದನ್ನು ಒಪ್ಪಲಿಲ್ಲ. ಹಾಗೆ ಮಾಡಿದರೆ ಹೊಣೆಯೆಂಬುದು ಪ್ರತಿಯೊಬ್ಬನ ಪಾದದ ಉದ್ದದಂತೆ ಬದಲಾಗುತ್ತದೆ ಎಂದರು. ಕನ್ನಡದಲ್ಲಿ ಈ ಮಾತು ಇನ್ನೂ ಚೆನ್ನಾಗಿ ತಿಳಿಯುತ್ತದೆ, ಏಕೆಂದರೆ ನಮ್ಮಲ್ಲಿ "ಅಡಿ" ಎಂದರೆ ಪಾದವೂ ಹೌದು, ಅಳತೆಯೂ ಹೌದು. ಪ್ರತಿಯೊಬ್ಬನೂ ತನ್ನ ಅಡಿಯಿಂದಲೇ ಅಳೆಯುವುದಾದರೆ ಆ ಅಡಿಗೆ ಅಳತೆಯೆಂಬ ಹೆಸರು ಸಲ್ಲದು. ಪಕ್ಕದವನ ಬುದ್ಧಿ ಎಷ್ಟೆಂದು ತಿಳಿದುಕೊಂಡು ಮನೆ ಕಟ್ಟುವ ದಾರಿ ವಾನ್‌ಗೆ ಇರಲಿಲ್ಲ. ಎಲ್ಲರಿಂದಲೂ ಇಷ್ಟು ಎಚ್ಚರವನ್ನಾದರೂ ನಿರೀಕ್ಷಿಸಬಹುದೆಂಬ ಭರವಸೆಯೊಂದೇ ಅವನಿಗಿದ್ದ ರಕ್ಷಣೆ.

ಬುದ್ಧಿ ಕಡಿಮೆ ಇರುವುದು ತಪ್ಪಲ್ಲ, ಹೌದು. ಮೆನ್‌ಲವ್ ಕೆಟ್ಟವನೆಂದು ತೀರ್ಪು ಹೇಳಲೂ ಇಲ್ಲ. ಸುಟ್ಟ ಮನೆಗಳ ನಷ್ಟವನ್ನು ಇಬ್ಬರಲ್ಲಿ ಯಾರು ಹೊರಬೇಕು ಎಂದಷ್ಟೇ ಅದು ಹೇಳಿತು. ಮಕ್ಕಳನ್ನು ಅದೇ ವಯಸ್ಸಿನ ಮಗುವಿನ ಅಳತೆಯಿಂದ ನೋಡುವ ರಿಯಾಯಿತಿ ಈ ಕಾನೂನಿನಲ್ಲಿ ಉಂಟು. ಆತುರಗಾರನಿಗೆ, ಅನನುಭವಿಗೆ, ಮಂದಮತಿಗೆ ಅಂಥ ರಿಯಾಯಿತಿಯಿಲ್ಲ.

ನನ್ನನ್ನು ಯಾರಾದರೂ ಕೇಳಲಿ ಎಂದು ಕಾಯುವ ಪ್ರಶ್ನೆ ಬೇರೆಯೇ ಇದೆ: ಅವನು ಏನು ಮಾಡಬೇಕಿತ್ತು, ಯಾವಾಗ, ಅದಕ್ಕೆ ಎಷ್ಟು ಶ್ರಮ ಬೀಳುತ್ತಿತ್ತು? ನಿರ್ಲಕ್ಷ್ಯವನ್ನು ಅಳೆಯುವ ಪರೀಕ್ಷೆಯ ತಿರುಳು ಇಲ್ಲಿದೆ. ಸಾಮಾನ್ಯ ವಿವೇಕವುಳ್ಳ ವ್ಯಕ್ತಿ ಅಪಾಯ ಎಷ್ಟು ಸಂಭವನೀಯ, ಸಂಭವಿಸಿದರೆ ಹಾನಿ ಎಷ್ಟು ದೊಡ್ಡದು, ತಪ್ಪಿಸಲು ಏನು ಬೇಕು ಎಂಬುದನ್ನು ತೂಗಿ ನೋಡುತ್ತಾನೆ. ಮೆನ್‌ಲವ್‌ನ ಮುಂದೆ ಬಣವೆಯನ್ನು ಬಿಚ್ಚಿ ಒಣಗಿಸುವ ಇಲ್ಲವೇ ದೂರಕ್ಕೆ ಸಾಗಿಸುವ ದಾರಿಯಿತ್ತು, ಐದು ವಾರಗಳ ಸಮಯವಿತ್ತು. ಖರ್ಚು ಕೆಲವು ದಿನಗಳ ದುಡಿಮೆ, ಎದುರಿಗಿದ್ದದ್ದು ಜನ ವಾಸಿಸುವ ಮನೆಗಳು.

ಇದೇ ಪ್ರಶ್ನೆಯಿಂದ ಪ್ರತಿವಾದಿ ಗೆಲ್ಲುವುದೂ ಉಂಟು. 1951ರಲ್ಲಿ, ಅಂದು ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ತೀರ್ಮಾನಿಸಿದ ಬೋಲ್ಟನ್ ವಿರುದ್ಧ ಸ್ಟೋನ್ ಪ್ರಕರಣದಲ್ಲಿ ಕ್ರಿಕೆಟ್ ಮೈದಾನದಿಂದ ಹಾರಿದ ಚೆಂಡು ಹೊರಗಿನ ರಸ್ತೆಯಲ್ಲಿ ನಿಂತಿದ್ದ ಮಹಿಳೆಗೆ ಬಡಿಯಿತು. ಮೈದಾನದ ಇಳಿಜಾರಿನಿಂದಾಗಿ ಬೇಲಿಯ ತುದಿ ಪಿಚ್‌ಗಿಂತ ಸುಮಾರು 17 ಅಡಿ ಎತ್ತರದಲ್ಲಿತ್ತು, ಆಕೆ ವಿಕೆಟ್‌ನಿಂದ ಸುಮಾರು 100 ಗಜ ದೂರದಲ್ಲಿದ್ದರು, ಸುಮಾರು 30 ವರ್ಷಗಳಲ್ಲಿ ಚೆಂಡು ಹಾಗೆ ಹೊರಬಿದ್ದದ್ದು ಆರು ಬಾರಿಯಷ್ಟೇ. ಚೆಂಡು ಹೊರಬೀಳಬಹುದೆಂದು ಕ್ಲಬ್‌ಗೆ ಗೊತ್ತಿತ್ತು. ಆದರೂ ಯಾರಿಗಾದರೂ ತಗುಲುವ ಸಂಭವ ಅಷ್ಟು ಅಲ್ಪವಾಗಿದ್ದಾಗ ವಿವೇಕಿಯೊಬ್ಬ ಅದನ್ನು ತಡೆಯಲು ಮುಂದಾಗದಿದ್ದರೆ ತಪ್ಪಿಲ್ಲವೆಂದು ನ್ಯಾಯಾಲಯ ಹೇಳಿತು. ಇಲ್ಲಿ "ಪಾಪ" ಎನ್ನಿಸಿಕೊಳ್ಳಬೇಕಾದವರು ಸೋತರು.

ಆ ವಿದ್ಯಾರ್ಥಿನಿಗೆ ಉತ್ತರವನ್ನು ಮತ್ತೆ ಬರೆದು ತರಲು ಹೇಳಿದ್ದೆ. ಈ ಬಾರಿ ಅರ್ಧ ಪುಟವಿತ್ತು, ಮೆನ್‌ಲವ್‌ನ ಪ್ರಾಮಾಣಿಕತೆಯ ಸುದ್ದಿಯೇ ಇರಲಿಲ್ಲ. "ಮೊದಲ ಎಚ್ಚರಿಕೆ ಬಂದ ದಿನವೇ ಅವನು ಬಣವೆಯನ್ನು ಬಿಚ್ಚಬೇಕಿತ್ತು" ಎಂದು ಆರಂಭಿಸಿದ್ದಳು.