ತಂಗಿಯ ಪಿಎಫ್ ಮತ್ತು ಎರಡು ಖಾತೆಗಳು

2023ರ ಸೆಪ್ಟೆಂಬರ್‌ನಲ್ಲಿ ತಂಗಿ ಕೆಲಸ ಬಿಡುವುದೆಂದು ತೀರ್ಮಾನಿಸಿದ್ದಳು. ನೋಟಿಸ್ ಅವಧಿ ನಡೆಯುತ್ತಿತ್ತು. ಆಮೇಲೆ ಪಿಎಫ್ ಬಿಡಿಸಿಕೊಂಡು ಸ್ವಂತ ಹೊಲಿಗೆ ಅಂಗಡಿ ತೆರೆಯುವ ಯೋಚನೆ ಅವಳದು. ಒಂದು ಭಾನುವಾರ ಇಬ್ಬರೂ ಕುಳಿತು ಅವಳ ಪಾಸ್‌ಬುಕ್ ತೆರೆದೆವು.

ಪಿಎಫ್ ಸದಸ್ಯರ ಕಾಯಂ ಸಂಖ್ಯೆಯಾದ ಯುಎಎನ್ ಒಂದೇ, ಆದರೆ ಒಳಗೆ ಕಂಪನಿಗೊಂದರಂತೆ ಎರಡು ಸದಸ್ಯ ಸಂಖ್ಯೆಗಳು. 2018ರ ಜನವರಿಯಿಂದ 2020ರ ಆಗಸ್ಟ್‌ವರೆಗಿನ ಹಳೆಯ ಕಂಪನಿಯದರಲ್ಲಿ ಸುಮಾರು 96,000 ರೂಪಾಯಿ, ಆಗ ಇದ್ದ ಕಂಪನಿಯದರಲ್ಲಿ 1,98,000. ಹಳೆಯ ಹಣ ಹೊಸ ಖಾತೆಗೆ ಬಂದೇ ಇರಲಿಲ್ಲ.

ಇದೇ ತೊಡಕು. ಐದು ವರ್ಷ ತುಂಬುವ ಮೊದಲು 50,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಪಿಎಫ್ ಹಿಂತೆಗೆದರೆ ಆದಾಯ ತೆರಿಗೆ ಕಾಯ್ದೆಯ 192ಎ ಕಲಮಿನಂತೆ ಶೇ 10ರಷ್ಟು ಟಿಡಿಎಸ್ ಕಡಿತವಾಗುತ್ತಿತ್ತು. ಪ್ಯಾನ್ ಜೋಡಿಸದಿದ್ದರೆ ಶೇ 20. ಹಳೆಯ ಸೇವೆ ಎರಡು ವರ್ಷ ಎಂಟು ತಿಂಗಳು, ಹೊಸದು ಮೂರು ವರ್ಷ ಒಂದು ತಿಂಗಳು. ಬೇರೆ ಬೇರೆಯಾಗಿ ಬಿಡಿಸಿಕೊಂಡರೆ ಎರಡೂ ಐದರ ಒಳಗೇ. ಒಟ್ಟು 29,400 ರೂಪಾಯಿ ಮೂಲದಲ್ಲೇ ಹೋಗುತ್ತಿತ್ತು. ಅದು ಅವಳ ಒಂದು ತಿಂಗಳ ಸಂಬಳ! ಹಳೆಯ ಹಣವನ್ನು ಹೊಸ ಖಾತೆಗೆ ವರ್ಗಾಯಿಸಿದರೆ ಮಾತ್ರ ಹಿಂದಿನ ಸೇವೆಯೂ ಲೆಕ್ಕಕ್ಕೆ ಸೇರಿ ಐದು ವರ್ಷ ಒಂಬತ್ತು ತಿಂಗಳಾಗುತ್ತದೆ.

‘ಅಣ್ಣಾ, ಸೈಬರ್ ಸೆಂಟರಿನವರು ಫಾರಂ 15ಜಿ ಹಾಕಿಬಿಡಿ, ಕಡಿತ ಆಗುವುದಿಲ್ಲ ಅಂದರು’ ಎಂದಳು. ಈ ಸಲಹೆ ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಆ ವರ್ಷ ತನ್ನ ಮೇಲೆ ತೆರಿಗೆಯೇ ಬೀಳುವುದಿಲ್ಲ ಎಂದು ಸಹಿ ಹಾಕಿ ಕೊಡುವ ಘೋಷಣೆ ಅದು. ಅವಳಿಗೆ ಆರು ತಿಂಗಳ ಸಂಬಳ ಬಂದಿತ್ತು. ಅದಕ್ಕೆ ಪಿಎಫ್ ಸೇರಿಸಿ ಲೆಕ್ಕ ಹಾಕದೆ ಸಹಿ ಹಾಕುವಂತಿರಲಿಲ್ಲ. ತೆರಿಗೆ ಬೀಳುವಂತಿದ್ದರೆ ಕಡಿತ ತಪ್ಪಿದರೂ ತೆರಿಗೆ ತಪ್ಪುವುದಿಲ್ಲ, ಸುಳ್ಳು ಘೋಷಣೆ ಅಪರಾಧ ಬೇರೆ.

ವರ್ಗಾವಣೆಗೆ ಪಿಎಫ್ ಜಾಲತಾಣದಲ್ಲಿ ‘One Member - One EPF Account’ ತೆರೆದರೆ ಮುಂದೆ ಹೋಗಲಿಲ್ಲ. ಹಳೆಯ ಕಂಪನಿ ಅವಳು ಬಿಟ್ಟ ದಿನಾಂಕವನ್ನೇ ನಮೂದಿಸಿರಲಿಲ್ಲ. ಕೊನೆಯ ವಂತಿಗೆ ಬಂದು ಎರಡು ತಿಂಗಳು ಕಳೆದಿದ್ದರೆ ಸದಸ್ಯರೇ ಅದನ್ನು ತುಂಬಬಹುದು. ‘Mark Exit’ನಲ್ಲಿ 2020ರ ಆಗಸ್ಟ್ ತಿಂಗಳ ದಿನಾಂಕ ಕೊಟ್ಟು, ಮೊಬೈಲಿಗೆ ಬಂದ ಒಟಿಪಿ ಹಾಕಿದೆವು. ಆಮೇಲೆ ಅರ್ಜಿ ಸಲೀಸಾಗಿ ಹೋಯಿತು. ಆಗಿನ ಕಂಪನಿಯ ಎಚ್‌ಆರ್ ದೃಢೀಕರಿಸಿದರು. ಕೆಲಸದಲ್ಲಿದ್ದಾಗಲೇ ಇದನ್ನು ಮಾಡಿಸಿದ್ದು ಒಳ್ಳೆಯದಾಯಿತು.

ಹಳೆಯ ಹಣ ಹೊಸ ಪಾಸ್‌ಬುಕ್ಕಿನಲ್ಲಿ ಕಾಣಿಸಿದ ಮೇಲಷ್ಟೇ, ಕೆಲಸ ಬಿಟ್ಟು ಎರಡು ತಿಂಗಳು ಕಳೆದು, ಡಿಸೆಂಬರ್‌ನಲ್ಲಿ ಪಿಎಫ್ ಬಿಡಿಸಿಕೊಳ್ಳುವ ಅರ್ಜಿ ಫಾರಂ 19 ಹಾಕಿದಳು. ಕಡಿತವಿಲ್ಲದೆ ಪೂರ್ತಿ ಹಣ ಬಂತು. ಐದು ವರ್ಷ ದಾಟಿದ್ದರಿಂದ ಅದರ ಮೇಲೆ ತೆರಿಗೆಯೂ ಇರಲಿಲ್ಲ.

ಅವಳ ಜೊತೆಗೇ ಕೆಲಸ ಬಿಟ್ಟ ಗೆಳತಿಗೆ ಒಟ್ಟು ಸೇವೆಯೇ ನಾಲ್ಕು ವರ್ಷ. ವರ್ಗಾವಣೆಯಿಂದ ಅವಳಿಗೆ ಪ್ರಯೋಜನವಿರಲಿಲ್ಲ, ಶೇ 10 ಹೋಯಿತು. ಕೆಲಸ ಹೋದದ್ದು ಅನಾರೋಗ್ಯದಿಂದಲೋ ಕಾರ್ಖಾನೆ ಮುಚ್ಚಿದ್ದರಿಂದಲೋ ಆಗಿದ್ದರೆ ವಿನಾಯಿತಿ ಸಿಗುತ್ತಿತ್ತು. ಅವಳು ತಾನಾಗಿ ಬಿಟ್ಟಿದ್ದಳು. ಕಡಿತವಾದ ಮೊತ್ತ, ತೆರಿಗೆ ಕಡಿತದ ವಿವರ ತೋರಿಸುವ 26ಎಎಸ್‌ನಲ್ಲಿ ಇದೆಯೇ ಎಂದು ನೋಡಿ, ರಿಟರ್ನ್ ಸಲ್ಲಿಸಿ, ನಿಜವಾದ ತೆರಿಗೆಗಿಂತ ಹೆಚ್ಚಾಗಿದ್ದಷ್ಟನ್ನು ಅವಳು ವಾಪಸ್ ಪಡೆದಳು.