ಪ್ಯಾನ್‌ಶಾರ್ಪನಿಂಗ್: ಕಾಟ ಕೊಟ್ಟ ಅರ್ಧ ಪಿಕ್ಸೆಲ್ ಸಿಕ್ಕಿತು

ಕೊನೆಗೂ ರನ್‌ವೇ ಅಂಚಿನ ಹಸಿರು ಹೋಯ್ತು!

ಲ್ಯಾಂಡ್‌ಸ್ಯಾಟ್ 8ರ ಸೀನ್. 30 ಮೀಟರ್ ಬಣ್ಣದ ಬ್ಯಾಂಡ್‌ಗಳು, 15 ಮೀಟರ್ ಪ್ಯಾನ್. ಡೌನ್‌ಲೋಡ್, ಮೋಡದ ಮಾಸ್ಕ್ ಎಲ್ಲ ನಿಮಗೆ ಗೊತ್ತಿರುವುದೇ, ಬಿಡಿ. ಬಳಸಿದ್ದು ಬ್ರೋವಿ: ಪ್ಯಾನನ್ನು ಬಣ್ಣಗಳ ಸರಾಸರಿಯಿಂದ ಭಾಗಿಸಿ, ಬಂದ ಅನುಪಾತದಿಂದ ಪ್ರತಿ ಬ್ಯಾಂಡನ್ನೂ ಗುಣಿಸುವುದು.

ಚಿತ್ರ ಚೂಪಾಗಿಯೇ ಬಂತು. ಆದರೆ ಪೂರ್ವ-ಪಶ್ಚಿಮ ಮಲಗಿದ ರನ್‌ವೇಯ ಉತ್ತರದ ಅಂಚಿನಲ್ಲಿ ಕಾಂಕ್ರೀಟಿಗೇ ಹಸಿರು ಛಾಯೆ, ದಕ್ಷಿಣದ ಅಂಚಿನ ಹುಲ್ಲು ಬೂದು ಬಣ್ಣ. ಬಣ್ಣ ಆಚೆ ಜಾರಿದ ಹಾಗೆ. ಅನುಪಾತದ ಚಿತ್ರವನ್ನೇ ಬೇರೆಯಾಗಿ ತೆರೆದು ನೋಡಿದರೆ ಕಟ್ಟಡಗಳೆಲ್ಲ ನಾಣ್ಯದ ಮೇಲಿನ ಅಚ್ಚಿನಂತೆ ಉಬ್ಬಿ ನಿಂತಿದ್ದವು: ವಾಯವ್ಯಕ್ಕೆ ಬಿಳಿ, ಆಗ್ನೇಯಕ್ಕೆ ಕಪ್ಪು. ಸೀನಿನ ಯಾವ ಮೂಲೆಗೆ ಹೋದರೂ ದಿಕ್ಕು ಅದೇ. ಹಾಗಾದ್ರೆ ಇದು ಉಪಗ್ರಹದ ಅಲುಗಾಟ ಅಲ್ಲ, ಗ್ರಿಡ್ಡಿನ ಲೆಕ್ಕ.

ಸುಳಿವು ಫೈಲಿನ ಅಳತೆಯಲ್ಲೇ ಇತ್ತು. ಬಣ್ಣದ ಬ್ಯಾಂಡ್ 7611 ಕಾಲಂ, ಪ್ಯಾನ್ 15221. ಎರಡರಷ್ಟಲ್ಲ, ಎರಡರಷ್ಟಕ್ಕೆ ಒಂದು ಕಡಿಮೆ! ಇಲ್ಲಿ ಎರಡೂ ಬ್ಯಾಂಡ್‌ಗಳ ಮೊದಲ ಪಿಕ್ಸೆಲ್‌ಗಳ ಮೂಲೆಗಳು ಕೂಡುವುದಿಲ್ಲ, ನಡುಬಿಂದುಗಳು ಕೂಡುತ್ತವೆ. ಒಂದೊಂದು ಬಣ್ಣದ ಪಿಕ್ಸೆಲನ್ನು ಸುಮ್ನೆ ನಾಲ್ಕಾಗಿ ಒಡೆದರೆ ಅದರ ನಡುಬಿಂದು ಪ್ಯಾನಿನ ಅರ್ಧ ಪಿಕ್ಸೆಲ್, ಅಂದರೆ 7.5 ಮೀಟರ್, ಬಲಕ್ಕೂ ಕೆಳಕ್ಕೂ ಸರಿಯುತ್ತದೆ. ದೊಡ್ಡ ಮಾಡುವ ಫಂಕ್ಷನ್‌ಗಳು ಬಹಳಷ್ಟು ಮೂಲೆಯನ್ನೇ ಹಿಡಿದು ಲೆಕ್ಕ ಹಾಕುತ್ತವೆ, ಹಾಗಂತ ಎಷ್ಟೋ ಕಡೆ ಬರೆದಿರುವುದಿಲ್ಲ. ಹೆಚ್ಚಾಗಿ ಉಳಿಯುವ ಆ ಒಂದು ಕಾಲಮ್ಮನ್ನು ಕತ್ತರಿಸಿ ಎಸೆಯಿರಿ ಎನ್ನುವ ಟ್ಯುಟೋರಿಯಲ್‌ಗಳ ಮೇಲಂತೂ ನನಗೆ ವಿಪರೀತ ಸಿಟ್ಟು. ಇರುವ ಒಂದೇ ಸಾಕ್ಷಿಯನ್ನೂ ಕಸದಬುಟ್ಟಿಗೆ ಹಾಕಿಸ್ತಾರೆ!

ಪರಿಹಾರ ಮೂರು ಸಾಲು. ಸಮಸಂಖ್ಯೆಯ ಜಾಗಕ್ಕೆ ಮೂಲ ಬೆಲೆಯೇ, ನಡುವಿನದಕ್ಕೆ ಅಕ್ಕಪಕ್ಕದ ಸರಾಸರಿ. `up` ಪ್ಯಾನಿನ ಅಳತೆಯ ಖಾಲಿ float32 ಅರೇ. `ms` ಅಂದರೆ ಬಣ್ಣದ ಬ್ಯಾಂಡ್, ಅದನ್ನೂ float32 ಆಗಿಯೇ ಓದಿಕೊಳ್ಳಿ. 16 ಬಿಟ್‌ನಲ್ಲೇ ಕೂಡಿದರೆ ಹೊಳೆಯುವ ಮೋಡಗಳ ಮೊತ್ತ ಉಕ್ಕಿ ಕಪ್ಪಾಗುತ್ತದೆ.

```
up[::2, ::2] = ms
up[1::2, ::2] = (ms[:-1] + ms[1:]) / 2
up[:, 1::2] = (up[:, :-2:2] + up[:, 2::2]) / 2
```

ಮತ್ತೆ ಅನುಪಾತದ ಚಿತ್ರ ತೆರೆದೆ. ಉಬ್ಬು ಮಾಯ. ರನ್‌ವೇಯ ಎರಡೂ ಅಂಚಿನಲ್ಲಿ ಒಂದೇ ದಪ್ಪದ ತೆಳು ಗೆರೆ ಉಳಿದಿದೆ. ಅದು ಇರಬೇಕಾದ್ದೇ, ಪ್ಯಾನ್ ಕೊಡುವ ಹೆಚ್ಚಿನ ವಿವರ ಅಂದ್ರೆ ಅದೇ ಅಲ್ವಾ.

ಇನ್ನು ನೀಲಿ. 8ರ ಪ್ಯಾನ್ 0.50ರಿಂದ 0.68 ಮೈಕ್ರಾನ್ ತನಕ ಮಾತ್ರ ನೋಡುತ್ತದೆ, ನೀಲಿ ಅದಕ್ಕೆ ಬಹುತೇಕ ಕಾಣುವುದಿಲ್ಲ. ಅದಕ್ಕೇ ಸರಾಸರಿಯಲ್ಲಿ ನೀಲಿಯ ತೂಕ ತೀರಾ ಕಡಿಮೆ ಇಟ್ಟಿದ್ದೇನೆ. ಈ ತೂಕದ ವಿಷಯ ಬಂದಾಗಿನಿಂದ ಮನಸ್ಸು ಲ್ಯಾಂಡ್‌ಸ್ಯಾಟ್ 7ರ ಕಡೆ ಓಡ್ತಿದೆ. ಅದರ ಪ್ಯಾನ್ 0.90 ಮೈಕ್ರಾನ್ ತನಕ ಹೋಗುತ್ತದೆ, ಕೆಂಪಿಗೆ ಹತ್ತಿರದ ಅತಿಗೆಂಪು ಬೆಳಕೂ ಒಳಗೆ. ಮರಗಳೆಲ್ಲ ಅದರಲ್ಲಿ ಬೆಳ್ಳಗೆ ಹೊಳೆಯುತ್ತವೆ. ಆ ಬೆಳಕಿನ ನಾಲ್ಕನೇ ಬ್ಯಾಂಡನ್ನೂ ಸರಾಸರಿಗೆ ಸೇರಿಸದಿದ್ದರೆ ಕಾಡು ಪೂರ್ತಿ ಪೇಲವ. 2003ರ ಮೇ ಕೊನೆಗೆ ಅದರ ಸ್ಕ್ಯಾನ್ ಲೈನ್ ಕರೆಕ್ಟರ್ ಕೆಟ್ಟು ಚಿತ್ರಗಳಲ್ಲಿ ಪಟ್ಟಿ ಬಿದ್ದವು, ಹಾಗಾಗಿ ಅದಕ್ಕೂ ಹಿಂದಿನ ಸೀನ್ ಒಂದನ್ನು ಆಗಲೇ ಇಳಿಸಿಕೊಳ್ಳುತ್ತಿದ್ದೇನೆ.