2-31 ಅಂದ್ರೆ 2.31 ಅಲ್ಲ

ಹುಣಸೂರು ಕಡೆ ನಮ್ಮದೊಂದು ಹಳ್ಳದ ಪಕ್ಕದ ಹೊಲ ಇದೆ. ಅದಕ್ಕೆ ಆಕಾರ ಅಂತ ಒಂದಿಲ್ಲ, ಒಂದು ಕಡೆ ಹಳ್ಳ ಒಳಗೆ ನುಗ್ಗಿಕೊಂಡಿದೆ, ಇನ್ನೊಂದು ಕಡೆ ಗಾಡಿ ದಾರಿ. ಶುಂಠಿ ಹಾಕೋಕೆ ಒಬ್ಬರು ಗುತ್ತಿಗೆಗೆ ಕೇಳಿಕೊಂಡು ಬಂದಿದ್ರು, ಎಕರೆಗೆ ಒಂದು ಲಕ್ಷ ಅಂತ ಮಾತಾಯ್ತು. ಪಹಣಿ ನೋಡಿ ಫೋನಲ್ಲೇ ಲೆಕ್ಕ ಹಾಕಿ 2,31,000 ಅಂದ್ರು. ಅಪ್ಪ ರಾತ್ರಿ ನಂಗೆ ಫೋನ್ ಮಾಡಿ, "ನಂಗ್ಯಾಕೋ ಕಮ್ಮಿ ಅನ್ಸುತ್ತೆ ಕಣಪ್ಪ, ಮ್ಯಾಪಲ್ಲಿ ಅಳತೆ ಬರುತ್ತಂತಲ್ಲ, ಒಂದ್ಸಲ ನೋಡು" ಅಂದ್ರು.

ಲ್ಯಾಪ್‌ಟಾಪಲ್ಲಿ ಗೂಗಲ್ ಅರ್ಥ್ ಪ್ರೋ ತೆಗೆದು, Ruler ಒಳಗೆ Polygon ಆರಿಸಿ, ಮೂಲೆ ಮೂಲೆಗೆ ಕ್ಲಿಕ್ ಮಾಡ್ತಾ ಒಂದು ಸುತ್ತು ಬಂದೆ. 12,100 ಚದರ ಮೀಟರ್ ಬಂತು. ಎಕರೆಗೆ ಹತ್ತಿರಹತ್ತಿರ 4047 ಚದರ ಮೀಟರ್, ಭಾಗಿಸಿದ್ರೆ 2.99. ಪಹಣಿ ಫೋಟೋ ನೋಡಿದೆ, ಖರಾಬು ಕಳೆದು 2-31 ಅಂತ ಇದೆ. ಎದೆ ಧಸಕ್ ಅಂತು, ಮುಕ್ಕಾಲು ಎಕರೆ ಹತ್ರ ಜಾಸ್ತಿ ತೋರಿಸ್ತಿದೆ, ಹಾಗಾದ್ರೆ ನಾವು ಇಷ್ಟು ವರ್ಷ ಪಕ್ಕದವರ ಜಮೀನು ಉಳ್ತಿದ್ವಾ ಅಂತ ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಪಹಣಿ ಮತ್ತೆ ನೋಡಿದಾಗ ಹೊಳೀತು. ಅಲ್ಲಿ 2-31 ಅಂದ್ರೆ 2 ಎಕರೆ 31 ಗುಂಟೆ. ಎಕರೆಗೆ ಗುಂಟೆ 40, ನೂರಲ್ಲ. 31ನ್ನ 40ರಿಂದ ಭಾಗಿಸಿದ್ರೆ 0.775, ಅಂದ್ರೆ ಹೊಲ 2.775 ಎಕರೆ. ಮ್ಯಾಪ್ ಕೊಡೋದು ದಶಾಂಶದ ಎಕರೆ, ಪಹಣಿ ಕೊಡೋದು ಗುಂಟೆ, ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದ್ದೇ ತಪ್ಪು. ಗುತ್ತಿಗೆಯವರು ಮಾಡಿದ್ದೂ ಅದೇ, ಕ್ಯಾಲ್ಕುಲೇಟರಲ್ಲಿ 2.31 ಅಂತ ಒತ್ತಿದ್ದಾರೆ. ಸರಿ ಲೆಕ್ಕ 2,77,500 ಆಗ್ಬೇಕಿತ್ತು, 46,500 ರೂಪಾಯಿ ವ್ಯತ್ಯಾಸ.

ಆದ್ರೂ 2.99ಕ್ಕೂ 2.775ಕ್ಕೂ ಎಂಟೂವರೆ ಗುಂಟೆ ಅಂತರ ಇತ್ತು, ಅದು ನನ್ನ ಗೆರೆಯ ತಪ್ಪೇ ಇರಬೇಕು ಅಂತ ಭಾನುವಾರ ಊರಿಗೆ ಹೋದೆ. ಮೊದಲು ಸ್ಕೇಲ್ ನಂಬಬಹುದಾ ಅಂತ ನೋಡೋಕೆ ಬಾವಿ ಕಟ್ಟೆಯಿಂದ ಮೂಲೆ ಕಲ್ಲಿನವರೆಗೆ ಅಪ್ಪನೂ ನಾನೂ ಟೇಪ್ ಹಿಡಿದ್ವಿ, 61 ಮೀಟರ್. ಮ್ಯಾಪಲ್ಲಿ 60.6. ಸ್ಕೇಲ್ ಸರಿ ಇದೆ, ಗೆರೆ ಎಲ್ಲಿ ಹಾಕ್ತೀವಿ ಅನ್ನೋದರಲ್ಲೇ ಎಲ್ಲ ಇದೆ.

ಬದುವಿನ ಮೇಲೆ ನಡೆದಾಗ ಎರಡು ವಿಷಯ ಗೊತ್ತಾಯ್ತು. ಪೂರ್ವದ ಕಡೆ ನಾನು ಗಾಡಿ ದಾರೀನೂ ಸೇರಿಸ್ಕೊಂಡಿದ್ದೆ, 90 ಮೀಟರ್ ಉದ್ದ 4 ಮೀಟರ್ ಅಗಲ, ಅದೇ ಮೂರೂವರೆ ಗುಂಟೆ ಆಗ್ತದೆ (ಗುಂಟೆಗೆ 101 ಚದರ ಮೀಟರ್ ಚಿಲ್ಲರೆ). ಹಳ್ಳದ ಕಡೆ ಹೊಂಗೆ ಮರದ ತಲೆ ಬದುವನ್ನ ಮುಚ್ಚಿಕೊಂಡಿತ್ತು, ನಾನು ಎಲೆ ಎಲ್ಲಿ ಮುಗಿಯುತ್ತೋ ಅಲ್ಲಿ ಗೆರೆ ಎಳೆದಿದ್ದೆ, ಜೊತೆಗೆ ಹಳ್ಳ ಒಳಗೆ ಬಾಗಿರೋ ಜಾಗಕ್ಕೆ ಬರೀ ಮೂರು ಬಿಂದು ಇಟ್ಟಿದ್ದರಿಂದ ಆ ಬಾಗು ನೇರ ಗೆರೆಯಾಗಿ ನೀರಿನ ಜಾಗವೂ ಹೊಲಕ್ಕೆ ಸೇರಿಬಿಟ್ಟಿತ್ತು.

ಮತ್ತೆ ಕೂತೆ. ಮೊದಲು U ಕೀ ಒತ್ತಿ ಚಿತ್ರವನ್ನ ನೇರ ಮೇಲಿಂದ ನೋಡೋ ಹಾಗೆ ಮಾಡಿಕೊಂಡೆ, ಓರೆಯಾಗಿದ್ರೆ ಕ್ಲಿಕ್ ಸರಿಯಾದ ಜಾಗಕ್ಕೆ ಬೀಳೋದು ಕಷ್ಟ. ಆಮೇಲೆ ಹಳೇ ವರ್ಷಗಳ ಚಿತ್ರಗಳ ಗಡಿಯಾರದ ಗುರುತು ಒತ್ತಿ, ಎಲೆ ಉದುರಿ ಬದು ಕಾಣೋ ಒಂದು ಚಿತ್ರ ಹುಡುಕಿ, ಎಲ್ಲ ಬಿಂದುಗಳನ್ನೂ ಅದೇ ಒಂದು ಚಿತ್ರದ ಮೇಲೆ ಇಟ್ಟೆ, ಯಾಕಂದ್ರೆ ಬೇರೆ ಬೇರೆ ದಿನದ ಚಿತ್ರಗಳು ಒಂದಕ್ಕೊಂದು ಸ್ವಲ್ಪ ಸರಿದಿರ್ತವೆ. ಹಳ್ಳದ ಬಾಗಿಗೇ 14 ಬಿಂದು ಇಟ್ಟೆ. ಈ ಸಲ 11,290 ಚದರ ಮೀಟರ್, 2.79 ಎಕರೆ. ಆ 0.79ನ್ನ 40ರಿಂದ ಗುಣಿಸಿದ್ರೆ 31.6, ಅಂದ್ರೆ 2 ಎಕರೆ 31 ಗುಂಟೆ ಚಿಲ್ಲರೆ.

ಅಪ್ಪ ತಕ್ಷಣ "ಹಾಗಾದ್ರೆ ಅರ್ಧ ಗುಂಟೆ ಜಾಸ್ತಿನೇ ಇದೆಯಲ್ಲ" ಅಂದ್ರು. ಇಲ್ಲಪ್ಪ, ಹಾಗೆ ಹೇಳೋಕಾಗಲ್ಲ ಅಂದೆ. ಹೊಲದ ಸುತ್ತಳತೆ 480 ಮೀಟರ್, ನನ್ನ ಗೆರೆ ಸುತ್ತಲೂ ಒಂದೇ ಒಂದು ಮೀಟರ್ ಆಚೆ ಬಿದ್ರೂ 480 ಚದರ ಮೀಟರ್, ನಾಲ್ಕೂಮುಕ್ಕಾಲು ಗುಂಟೆ ಬದಲಾಗುತ್ತೆ. ಪಹಣಿ ಲೆಕ್ಕಕ್ಕೆ ಹತ್ರ ಇದೆ ಅನ್ನಬಹುದು ಅಷ್ಟೇ. ಕಲ್ಲು ಎಲ್ಲಿ ನಿಲ್ಲಬೇಕು ಅನ್ನೋ ತಕರಾರು ಬಂದ್ರೆ ಹದ್ದುಬಸ್ತಿಗೆ ಅರ್ಜಿ ಹಾಕಿ ಸರ್ವೆಯವರನ್ನೇ ಕರೆಸಬೇಕು, ಮ್ಯಾಪ್ ಪ್ರಿಂಟ್ ತೋರಿಸಿದ್ರೆ ನಡೆಯಲ್ಲ.

ಗುತ್ತಿಗೆಯವರಿಗೆ 31 ಭಾಗಿಸು 40 ಅಂತ ಅವರ ಫೋನಲ್ಲೇ ಒತ್ತಿಸಿ ತೋರಿಸಿದೆ, ಅವರೂ ಒಂದು ನಿಮಿಷ ಸುಮ್ಮನಿದ್ದು ಒಪ್ಪಿಕೊಂಡ್ರು. ಕರಾರು ಪತ್ರದಲ್ಲಿ ಅಂಕಿಯ ಪಕ್ಕ "ಎರಡು ಎಕರೆ ಮೂವತ್ತೊಂದು ಗುಂಟೆ" ಅಂತ ಅಕ್ಷರದಲ್ಲೂ ಬರೆಸಿದ್ವಿ.